ಬೆಸ ಒಂದು ಕಡೆ, ಸಮ ಇನ್ನೊಂದು ಕಡೆ

ಇಪ್ಪತ್ತು ಅಂಕದ ಘಟಕ ಪರೀಕ್ಷೆ. 17 ತೆಗೆದ ಹುಡುಗ ಮೊದಲನೆಯವನು, 16 ತೆಗೆದ ಹುಡುಗಿ ಎರಡನೆಯವಳು. ಅವನಿಗೆ ಮನೆಯಲ್ಲಿ ಹೊಗಳಿಕೆ, ಅವಳಿಗೆ ‘ಆ ಒಂದು ಅಂಕ ಎಲ್ಲಿ ಹೋಯಿತು’ ಎಂಬ ವಿಚಾರಣೆ. ಜಾತಕವನ್ನು ನಂಬದವರೂ ಒಂದು ಅಂಕದ ಅಂತರವನ್ನು ಕಣ್ಣುಮುಚ್ಚಿ ನಂಬುತ್ತಾರೆ. ಇದೂ ಮೂಢನಂಬಿಕೆಯೇ ಎಂದು ನಾನು ಹೇಳುತ್ತೇನೆ. ಅದನ್ನು ಪರೀಕ್ಷಿಸಲು ಬೇಕಾದದ್ದು ಅಂಕದ ಪುಸ್ತಕ, ಒಂದು ಪೆನ್ಸಿಲ್ ಮತ್ತು ಅರ್ಧ ಗಂಟೆ.

ಉಪಾಯ ಸರಳ. ಮಕ್ಕಳನ್ನು ಇನ್ನೊಮ್ಮೆ ಪರೀಕ್ಷೆಗೆ ಕೂರಿಸುವ ಬದಲು, ಬರೆದು ಮುಗಿಸಿದ ಪರೀಕ್ಷೆಯನ್ನೇ ಎರಡಾಗಿ ಸೀಳುವುದು. 1, 3, 5ನೆಯಂಥ ಬೆಸ ಸಂಖ್ಯೆಯ ಪ್ರಶ್ನೆಗಳು ಒಂದು ಅರ್ಧ, ಸಮ ಸಂಖ್ಯೆಯವು ಇನ್ನೊಂದು. ಮೊದಲ ಹತ್ತು, ಕೊನೆಯ ಹತ್ತು ಎಂದು ಸೀಳಬಾರದು. ಕೊನೆಯ ಪ್ರಶ್ನೆಗಳು ಸಾಮಾನ್ಯವಾಗಿ ಕಷ್ಟದವು, ಅಲ್ಲಿಗೆ ಬರುವ ಹೊತ್ತಿಗೆ ಕೈಯೂ ಸೋತಿರುತ್ತದೆ.

ಲೆಕ್ಕ ಸುಲಭವಾಗಲೆಂದು ಎಂಟೇ ಮಕ್ಕಳ ತರಗತಿಯೊಂದನ್ನು ಕಲ್ಪಿಸಿಕೊಳ್ಳೋಣ. ಇಪ್ಪತ್ತು ಪ್ರಶ್ನೆ, ಒಂದಕ್ಕೆ ಒಂದು ಅಂಕ. ಪ್ರತಿ ಮಗುವಿನ ಬೆಸ ಮತ್ತು ಸಮ ಅಂಕಗಳು ಹೀಗಿವೆ: 9 ಮತ್ತು 7, 8 ಮತ್ತು 9, 7 ಮತ್ತು 5, 7 ಮತ್ತು 8, 6 ಮತ್ತು 4, 5 ಮತ್ತು 6, 4 ಮತ್ತು 6, 2 ಮತ್ತು 3. ಮೊದಲೆರಡು ಜೋಡಿಗಳನ್ನು ನೋಡಿ. ಅವೇ ನಮ್ಮ ಹುಡುಗಿ ಮತ್ತು ಹುಡುಗ. ಬೆಸ ಪ್ರಶ್ನೆಗಳನ್ನಷ್ಟೇ ಕೇಳಿದ್ದರೆ ಅವಳೇ ಮೊದಲು, ಸಮ ಪ್ರಶ್ನೆಗಳನ್ನಷ್ಟೇ ಕೇಳಿದ್ದರೆ ಅವನು ಮೊದಲು.

ಈಗ ನನಗೆ ತುಂಬ ಇಷ್ಟವಾದ ಭಾಗ. ಪ್ರತಿ ಮಗುವಿನ ಎರಡು ಅರ್ಧಗಳನ್ನು ಒಮ್ಮೆ ಕೂಡಿ, ಒಮ್ಮೆ ಕಳೆಯಿರಿ. ಮಗುವಿಗೆ ವಿಷಯ ಎಷ್ಟು ತಿಳಿದಿದೆಯೋ ಅದು ಎರಡೂ ಅರ್ಧಗಳಲ್ಲಿ ಇರುತ್ತದೆ. ಆದ್ದರಿಂದ ಕಳೆದಾಗ ತಿಳಿವಳಿಕೆ ಅಳಿಸಿಹೋಗಿ, ಉಳಿಯುವುದು ಅದೃಷ್ಟ ಮಾತ್ರ: ಹಿಂದಿನ ರಾತ್ರಿ ಓದಿದ್ದೇ ಬಂದದ್ದು, ಊಹೆ ಕೂಡಿಬಂದದ್ದು, ಪ್ರಶ್ನೆಯನ್ನು ತಪ್ಪಾಗಿ ಓದಿದ್ದು. ಒಂದೇ ಚೀಲವನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿ ಬದಲಿಸಿ ತೂಗಿದರೆ ಬರುವ ವ್ಯತ್ಯಾಸ ಅಕ್ಕಿಯದಲ್ಲ, ತಕ್ಕಡಿಯದು. ಎರಡು ಕೊಡಗಳಲ್ಲಿ ಒಂದೇ ಬಾವಿಯ ನೀರು ತಂದು ರುಚಿ ಬೇರೆಯಾದರೆ ಸಂಶಯ ಪಡಬೇಕಾದದ್ದು ಕೊಡಗಳ ಮೇಲೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವುದು ವಾಡಿಕೆ. ಇಲ್ಲಿ ನಾವು ಎರಡು ಹಿಡಿ ತೆಗೆದು, ಅವು ಒಂದೇ ಮಾತು ಹೇಳುತ್ತವೆಯೇ ಎಂದು ಕೇಳುತ್ತಿದ್ದೇವೆ.

ವ್ಯತ್ಯಾಸಗಳು 2, −1, 2, −1, 2, −1, −2, −1. ಇವುಗಳ ಸರಾಸರಿ ಸೊನ್ನೆ, ವರ್ಗಗಳ ಮೊತ್ತ 20. ಒಟ್ಟು ಅಂಕಗಳು 16, 17, 12, 15, 10, 11, 10, 5. ಸರಾಸರಿ 12, ಅದರಿಂದ ಆಚೀಚೆ ಸರಿದ ದೂರಗಳ ವರ್ಗಗಳ ಮೊತ್ತ 108. ಅಂದರೆ ಅಂಕಗಳ ಹರಡುವಿಕೆ 108 ಪಾಲಾದರೆ ಅದರಲ್ಲಿ 20 ಪಾಲು ಅದೃಷ್ಟದ್ದು. 1ರಿಂದ 20/108 ಕಳೆದರೆ 0.81. ಇದೇ ಪರೀಕ್ಷೆಯ ಆಂತರಿಕ ಸ್ಥಿರತೆಯ, ಅಂದರೆ ಅದರ ಭಾಗಗಳು ಎಷ್ಟರ ಮಟ್ಟಿಗೆ ಒಂದೇ ಮಾತು ಹೇಳುತ್ತವೆ ಎಂಬುದರ ಅಂದಾಜು. 1939ರಲ್ಲಿ ಫಿಲಿಪ್ ರೂಲನ್ ಪ್ರಕಟಿಸಿದ ಈ ದಾರಿ ಶಿಕ್ಷಕರಿಗೆ ಹೇಳಿ ಮಾಡಿಸಿದಂತಿದೆ. (ವ್ಯತ್ಯಾಸಗಳ ಸರಾಸರಿ ಸೊನ್ನೆ ಅಲ್ಲದಿದ್ದರೆ ಪ್ರತಿಯೊಂದರಿಂದಲೂ ಆ ಸರಾಸರಿಯನ್ನು ಮೊದಲು ಕಳೆಯಬೇಕು.)

ಬಿ.ಎಡ್. ಓದಿದವರು ಕಲಿತಿರುವುದು ಇದಕ್ಕಿಂತ ಹಳೆಯ ದಾರಿ. 1910ರಲ್ಲಿ ಬ್ರಿಟಿಷ್ ಮನೋವಿಜ್ಞಾನ ಪತ್ರಿಕೆಯೊಂದರ ಒಂದೇ ಸಂಪುಟದಲ್ಲಿ, ಸೇನೆ ತೊರೆದು ಮನೋವಿಜ್ಞಾನಿಯಾದ ಚಾರ್ಲ್ಸ್ ಸ್ಪಿಯರ್‌ಮನ್ ಮತ್ತು ಅವರ ಟೀಕಾಕಾರ ವಿಲಿಯಂ ಬ್ರೌನ್ ಬೇರೆಬೇರೆಯಾಗಿ ಒಂದೇ ಸೂತ್ರವನ್ನು ಪ್ರಕಟಿಸಿದರು. ಜಗಳವಾಡುತ್ತಿದ್ದವರ ಹೆಸರುಗಳು ಇಂದಿಗೂ ಒಟ್ಟಿಗೇ ಉಳಿದಿವೆ. ಎರಡು ಅರ್ಧಗಳ ನಡುವಿನ ಸಹಸಂಬಂಧ, ಅಂದರೆ ಒಂದರಲ್ಲಿ ಹೆಚ್ಚು ತೆಗೆದವರು ಇನ್ನೊಂದರಲ್ಲೂ ಹೆಚ್ಚು ತೆಗೆಯುವ ಮಟ್ಟ, ನಮ್ಮ ಉದಾಹರಣೆಯಲ್ಲಿ 0.69. ಆದರೆ ಅದು ಹತ್ತು ಪ್ರಶ್ನೆಗಳ ಪರೀಕ್ಷೆಯ ಬೆಲೆ, ನಾವು ಕೇಳಿದ್ದು ಇಪ್ಪತ್ತು. ಅದನ್ನು ಇಮ್ಮಡಿಗೊಳಿಸಿ, 1 ಕೂಡಿಸಿದ 0.69ರಿಂದ ಭಾಗಿಸಿದರೆ 0.82. ಎರಡು ದಾರಿಗಳೂ ಒಂದೇ ಊರಿಗೆ ತಲುಪುತ್ತವೆ. ಹಲವರು 0.69ರಲ್ಲೇ ನಿಂತು ಪರೀಕ್ಷೆಯನ್ನು ಬೈಯುತ್ತಾರೆ, ಅದು ತಪ್ಪು.

ಇನ್ನು ಈ ಅಂದಾಜಿಗೆ ಕಡಿಮೆ ಬೆಲೆ ಬಂದಾಗಿನ ವಿಚಾರ. ಕೊನೆಯ ಮಗು, 5 ಅಂಕ ತೆಗೆದದ್ದು, ಆ ದಿನ ಜ್ವರದಿಂದ ಬರಲಿಲ್ಲ ಎಂದುಕೊಳ್ಳಿ. ಪ್ರಶ್ನೆಪತ್ರಿಕೆ ಅದೇ, ಉಳಿದ ಏಳು ಮಕ್ಕಳ ಉತ್ತರಗಳೂ ಅವೇ. ಮತ್ತೆ ಲೆಕ್ಕ ಮಾಡಿದರೆ 0.81 ಇದ್ದದ್ದು 0.64ಕ್ಕೆ ಕುಸಿಯುತ್ತದೆ! ಒಂದು ಅಕ್ಷರವೂ ಬದಲಾಗದೆ ಪತ್ರಿಕೆ ಕೆಟ್ಟಿತೇ? ಇಲ್ಲ. ಅದೃಷ್ಟದ ಪಾಲು 20ರಿಂದ ಸುಮಾರು 19ಕ್ಕೆ ಇಳಿಯಿತು, ಅಷ್ಟೆ. ಆದರೆ ಒಟ್ಟು ಹರಡುವಿಕೆ 108ರಿಂದ 52ಕ್ಕೆ ಕುಗ್ಗಿತು. ಬೆರಳಗಲ ಅಲುಗಾಡುವ ಟೇಪಿನಿಂದ ತೆಂಗಿನ ಮರ ಯಾವುದು, ಸಸಿ ಯಾವುದು ಎಂದು ಹೇಳಬಹುದು, ಅವಳಿಗಳಲ್ಲಿ ಯಾರು ಎತ್ತರ ಎಂದು ಹೇಳಲಾಗದು. ಎರಡೂ ಕಡೆ ಟೇಪು ಒಂದೇ. ಈ ಸಂಖ್ಯೆ ಪತ್ರಿಕೆಯ ಗುಣವಲ್ಲ, ಆ ಪತ್ರಿಕೆ ಆ ಮಕ್ಕಳ ಗುಂಪಿನಲ್ಲಿ ಪಡೆದ ಅಂಕಗಳ ಗುಣ. ಅಂಕ ನೋಡಿ ವಿಭಾಗ ಮಾಡುವ ಶಾಲೆಯ ‘ಎ’ ವಿಭಾಗದಲ್ಲಿ ಒಳ್ಳೆಯ ಪತ್ರಿಕೆಗೂ ಕಡಿಮೆ ಬೆಲೆ ಬರುವುದು ಇದರಿಂದಲೇ. ಒಂದು ಮಗುವಿನಿಂದ ಇಷ್ಟು ಏರುಪೇರಾಗುವ ಪುಟ್ಟ ತರಗತಿಯಲ್ಲಿ ಎರಡನೆಯ ದಶಮಾಂಶದ ಬಗ್ಗೆ ವಾದಿಸುವುದೂ ವ್ಯರ್ಥ.

ಹಾಗಾಗಿ ಬೆಲೆ ಕಡಿಮೆ ಬಂದಾಗ ನಾನು ಮೊದಲು ನೋಡುವುದು ವ್ಯತ್ಯಾಸಗಳ ಪ್ರಮಾಣ ವಿಚಲನೆಯನ್ನು, ಅಂದರೆ ಅವು ತಮ್ಮ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತವೆ ಎಂಬುದನ್ನು. ಎಂಟು ಮಕ್ಕಳಲ್ಲಿ ಅದು 20/8ರ ವರ್ಗಮೂಲ, ಸುಮಾರು 1.6. ಏಳು ಮಕ್ಕಳಲ್ಲೂ 1.6ರ ಆಸುಪಾಸು. ಒಟ್ಟು ಅಂಕವೊಂದು ಬರೀ ಅದೃಷ್ಟದಿಂದ ಎಷ್ಟು ಅಲುಗಾಡಬಹುದೆಂದು ಹೇಳುವುದೂ ಇದೇ ಸಂಖ್ಯೆ. ಇಪ್ಪತ್ತೂ ಪ್ರಶ್ನೆಗೆ ನಾಣ್ಯ ಚಿಮ್ಮಿ ಸರಿ ತಪ್ಪು ಹಾಕಿದರೂ ಅದು 2.2ರ ಸುತ್ತ ಇರುತ್ತದೆ. ಅಂದರೆ ಅಲುಗಾಟ ಹೆಚ್ಚು ದೂರ ಹೋಗಲಾರದು. ಬೆಲೆ ಕುಸಿದಿದ್ದರೆ ಬಹುಪಾಲು ಕುಗ್ಗಿರುವುದು ಹರಡುವಿಕೆ.

ಅದು ಏಕೆ ಕುಗ್ಗಿತು ಎಂಬುದನ್ನು ತರಗತಿಯ ಸರಾಸರಿ ತಿಳಿಸುತ್ತದೆ. ಸರಾಸರಿ 18ರಷ್ಟಿದ್ದರೆ ಬಹುತೇಕ ಎಲ್ಲರೂ ಪಾಠ ಕಲಿತಿದ್ದಾರೆ. ಅಲ್ಲಿ ಕಡಿಮೆ ಬೆಲೆ ಸಂತೋಷದ ಸುದ್ದಿ. ನಾಲ್ಕು ಆಯ್ಕೆಗಳ ಪ್ರಶ್ನೆಗಳಲ್ಲಿ ಸರಾಸರಿ 5ರ ಸುತ್ತ ಇದ್ದರೆ ಮಕ್ಕಳು ಊಹಿಸಿದ್ದಾರೆ, ಪಾಠ ಮತ್ತೆ ಮಾಡಬೇಕು. ಸರಾಸರಿ ನಡುವೆ ಇದ್ದೂ ಬೆಲೆ ಕಡಿಮೆಯಿದ್ದರೆ ಪ್ರಶ್ನೆಗಳು ಒಂದೇ ದಿಕ್ಕಿಗೆ ಎಳೆಯುತ್ತಿಲ್ಲ. ವಿದ್ಯುತ್ತು, ಬೆಳೆ, ಶಬ್ದ ಎಲ್ಲವನ್ನೂ ಬೆರೆಸಿದ್ದರೆ ಅದು ಸಹಜ, ದೋಷವಲ್ಲ. ಒಂದೇ ಪಾಠದ ಪ್ರಶ್ನೆಗಳಾಗಿದ್ದರೆ ಯಾವ ಪ್ರಶ್ನೆಯಲ್ಲಿ ದೋಷವಿದೆ ಎಂದು ಹುಡುಕಬೇಕು.

ಬೆಲೆ ಇರಬೇಕಾದದ್ದಕ್ಕಿಂತ ಹೆಚ್ಚಾಗಿ ಬಂದು ನಾವು ಮೋಸ ಹೋಗುವುದೂ ಉಂಟು. ಸಮಯ ಸಾಲದೆ ಕೊನೆಯ ಆರು ಪ್ರಶ್ನೆಗಳನ್ನು ಮುಟ್ಟದ ಮಗು ಎರಡೂ ಅರ್ಧಗಳಲ್ಲಿ ಮೂರು ಮೂರು ಸೊನ್ನೆ ಪಡೆಯುತ್ತದೆ. ಅರ್ಧಗಳು ಹೊಂದಿಕೆಯಾದಂತೆ ಕಾಣುತ್ತವೆ, ಅಳೆದದ್ದು ಬರೆಯುವ ವೇಗವನ್ನು. ಒಂದೇ ಗದ್ಯಭಾಗದ ಮೇಲಿನ ಪ್ರಶ್ನೆಗಳನ್ನು ಎರಡು ಅರ್ಧಗಳಿಗೆ ಹಂಚಿದರೂ ಹೀಗೆಯೇ ಆಗುತ್ತದೆ. ಅವೆಲ್ಲವನ್ನೂ ಒಂದೇ ಅರ್ಧದಲ್ಲಿ ಇಡಬೇಕು.

ದೋಷವಿರುವ ಪ್ರಶ್ನೆಯನ್ನು ಹುಡುಕುವುದು ಹೇಗೆ? ಅತಿ ಹೆಚ್ಚು ಅಂಕದ ಮಕ್ಕಳ ಉತ್ತರಪತ್ರಿಕೆಗಳನ್ನು ಒಂದು ಕಡೆ, ಅತಿ ಕಡಿಮೆಯವನ್ನು ಇನ್ನೊಂದು ಕಡೆ ಇಟ್ಟು, ಪ್ರಶ್ನೆ ಪ್ರಶ್ನೆಯಾಗಿ ಸರಿ ಉತ್ತರಗಳನ್ನು ಎಣಿಸಿ. ಚೆನ್ನಾಗಿ ಓದಿದವರೇ ಒಟ್ಟಾಗಿ ‘ಇ’ ಎಂದು ಬರೆದು ಅಂಕ ಕಳೆದುಕೊಂಡ ಪ್ರಶ್ನೆ ಕಂಡರೆ, ಅವರನ್ನು ಕರೆದು ಕೇಳುವ ಮೊದಲು ಕೀ ಉತ್ತರದ ಹಾಳೆಯನ್ನು ತೆಗೆದು ನೋಡಿ.