‘ಪಾರ್ಕಿಂಗ್ ವಾಹನ ಮಾಲೀಕರ ಸ್ವಂತ ಜವಾಬ್ದಾರಿ’: ಈ ಬೋರ್ಡು ಎಲ್ಲಿಯವರೆಗೆ ಕಾಪಾಡುತ್ತದೆ?

1998ರ ಆಗಸ್ಟ್ 1ರ ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಒಬ್ಬರು ಮಾರುತಿ ಜೆನ್ ಕಾರಿನಲ್ಲಿ ಬಂದರು. ಕಾರು ನಿಲ್ಲಿಸುವ ಹುಡುಗನ ಕೈಗೆ ಕೀ ಕೊಟ್ಟರು, ಚೀಟಿ ತೆಗೆದುಕೊಂಡು ಒಳಗೆ ಹೋದರು. ನಡುರಾತ್ರಿ ಕಳೆದ ಮೇಲೆ ಹೊರಗೆ ಬಂದು ನೋಡಿದರೆ ಕಾರೇ ಇಲ್ಲ. ಆಗಿದ್ದಿಷ್ಟು. ಬೇರೊಂದು ಕಾರಿನಲ್ಲಿ ಬಂದಿದ್ದ ಮೂವರು ಹುಡುಗರು ತಮ್ಮ ಕಾರು ತರಿಸಲು ಕೇಳಿದ್ದರು. ಆ ಗಡಿಬಿಡಿಯಲ್ಲಿ ಅವರಲ್ಲೊಬ್ಬ ಜೆನ್ ಕೀಯನ್ನು ಎತ್ತಿಕೊಂಡು, ಕಾರು ತೆಗೆದುಕೊಂಡು ಹೋಗಿಬಿಟ್ಟಿದ್ದ.

ಹೋಟೆಲು ತೋರಿಸಿದ್ದು ಅದೇ ಚೀಟಿಯನ್ನು. ಅತಿಥಿಯ ಕೋರಿಕೆಯ ಮೇಲೆ, ಅತಿಥಿಯದೇ ಜವಾಬ್ದಾರಿಯಲ್ಲಿ ವಾಹನ ನಿಲ್ಲಿಸಲಾಗಿದೆ, ಕಳವಾದರೆ ಆಡಳಿತ ಹೊಣೆಯಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಈ ಮಾತು ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಉತ್ತರ ಸಿಕ್ಕಿದ್ದು 2019ರ ನವೆಂಬರ್‌ನಲ್ಲಿ. ಅಷ್ಟು ತಡವಾಗಿ ಬಂದರೂ ಆ ಪ್ರಶ್ನೆ ಹೊಸದಲ್ಲ. ಅದಕ್ಕೆ ರೈಲು, ಕೋಟು, ಕಾರು ಎಲ್ಲವನ್ನೂ ಸುತ್ತಿಬಂದ ಹಳೆಯ ಕಥೆಯಿದೆ.

ಕಥೆ ಶುರುವಾಗುವುದು ಲಂಡನ್ನಿನ ಚೇರಿಂಗ್ ಕ್ರಾಸ್ ರೈಲು ನಿಲ್ದಾಣದಲ್ಲಿ. ಪಾರ್ಕರ್ ಎಂಬವರು ಎರಡು ಪೆನ್ಸ್ ಕೊಟ್ಟು ತಮ್ಮ ಚೀಲವನ್ನು ಅಲ್ಲಿ ಇಟ್ಟಿದ್ದರು. ಟಿಕೆಟ್ಟಿನ ಮೇಲೆ ‘ಹಿಂಬದಿ ನೋಡಿ’ ಎಂದಿತ್ತು. ಹಿಂಬದಿಯಲ್ಲಿ, ಹತ್ತು ಪೌಂಡಿಗಿಂತ ಜಾಸ್ತಿ ಬೆಲೆಯ ಸಾಮಾನಿಗೆ ನಾವು ಹೊಣೆಯಲ್ಲ ಎಂದಿತ್ತು. ಚೀಲ ಕಳೆದುಹೋಯಿತು, ಅದರ ಬೆಲೆ ಇಪ್ಪತ್ನಾಲ್ಕೂವರೆ ಪೌಂಡು. ಪಾರ್ಕರ್ ಆ ಸಾಲನ್ನು ಓದಿಯೇ ಇರಲಿಲ್ಲ. 1877ರಲ್ಲಿ ನ್ಯಾಯಾಲಯ ಹೇಳಿದ ಮಾತು ಇಂದಿಗೂ ಈ ವಿಷಯದ ಬುನಾದಿ: ಗಿರಾಕಿ ಓದಿದನೋ ಇಲ್ಲವೋ ಎಂಬುದೊಂದೇ ಮುಖ್ಯವಲ್ಲ. ಅವನಿಗೆ ಗೊತ್ತಾಗುವಂತೆ ಮಾಡಲು ಸಾಕಷ್ಟು ಕ್ರಮ ತೆಗೆದುಕೊಂಡಿದ್ದರೇ ಎಂಬುದನ್ನು ನೋಡಬೇಕು.

ಇದು ಕಂಪನಿಗಳಿಗೆ ಅನುಕೂಲವಾದ ನಿಯಮದಂತೆ ಕಾಣುತ್ತದೆ, ಅಲ್ವಾ? ಎಲ್ಲೋ ಒಂದು ಕಡೆ ಬರೆದು ಹಾಕಿದರೆ ಆಯಿತು ಅನ್ನಿಸುತ್ತದೆ. ಆದರೆ ಯಾವಾಗ ತಿಳಿಸಬೇಕು ಎಂಬ ಪ್ರಶ್ನೆ ಇನ್ನೂ ಉಳಿದಿತ್ತು. 1949ರಲ್ಲಿ ಇನ್ನೊಂದು ಹೋಟೆಲಿನ ಮೊಕದ್ದಮೆ ಅದಕ್ಕೂ ಉತ್ತರ ಕೊಟ್ಟಿತು. ಆಲಿ ಎಂಬ ಮಹಿಳೆ ರೂಮಿನ ಕೀಯನ್ನು ಕೌಂಟರಿನಲ್ಲಿ ಕೊಟ್ಟು ಹೊರಗೆ ಹೋಗಿದ್ದರು. ಯಾರೋ ಅದನ್ನು ತೆಗೆದುಕೊಂಡು ಹೋಗಿ ಅವರ ತುಪ್ಪಳದ ಕೋಟು ಕದ್ದರು. ‘ಕಳವಿಗೆ ನಾವು ಹೊಣೆಯಲ್ಲ’ ಎಂಬ ಫಲಕ ರೂಮಿನ ಒಳಗಿತ್ತು. ಒಪ್ಪಂದ ಆಗಿದ್ದು ಕೆಳಗೆ ಕೌಂಟರಿನಲ್ಲಿ, ಫಲಕ ಕಂಡಿದ್ದು ಆಮೇಲೆ. ಒಪ್ಪಂದ ಮುಗಿದ ಮೇಲೆ ಹೊಸ ಷರತ್ತು ಸೇರಿಸಲು ಬರುವುದಿಲ್ಲ ಎಂದು ಹೋಟೆಲು ಸೋತಿತು.

ಪಾರ್ಕಿಂಗಿಗೆ ಇದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದು ಥಾರ್ನ್‌ಟನ್ ಪ್ರಕರಣ. ನನಗೆ ಇದು ಇಡೀ ಕಥೆಯ ತಿರುವು ಅನ್ನಿಸುತ್ತದೆ. ಥಾರ್ನ್‌ಟನ್ ಒಬ್ಬ ಸಂಗೀತಗಾರ. 1964ರ ಮೇ 19ರಂದು ಬಿಬಿಸಿ ಕಾರ್ಯಕ್ರಮಕ್ಕೆಂದು ಲಂಡನ್ನಿನ ಶೂ ಲೇನ್‌ನಲ್ಲಿದ್ದ ಹೊಸ ಬಹುಮಹಡಿ ಪಾರ್ಕಿಂಗಿಗೆ ಹೋದರು. ಅಲ್ಲಿಗೆ ಅದೇ ಮೊದಲ ಸಲ. ಹೊರಗಿನ ಫಲಕದಲ್ಲಿ ದರಗಳಿದ್ದವು, ಕೆಳಗೆ ‘ಎಲ್ಲ ಕಾರುಗಳೂ ಮಾಲೀಕರ ಜವಾಬ್ದಾರಿಯಲ್ಲಿ’ ಎಂದಿತ್ತು. ಬಾಗಿಲಲ್ಲಿ ಮನುಷ್ಯರಿಲ್ಲ. ಕಾರು ಮುಂದೆ ಬಂದಾಗ ಯಂತ್ರದಿಂದ ಟಿಕೆಟ್ ಹೊರಬಂತು, ಕೆಂಪು ದೀಪ ಹಸಿರಾಯಿತು. ಸುಮಾರು ಮೂರು ಗಂಟೆ ಬಿಟ್ಟು ಕಾರು ತೆಗೆದುಕೊಳ್ಳಲು ಬಂದಾಗ ಅಪಘಾತವಾಗಿ ಅವರಿಗೆ ತೀವ್ರ ಪೆಟ್ಟಾಯಿತು.

ಟಿಕೆಟ್ಟಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ, ‘ಆವರಣದಲ್ಲಿ ಹಾಕಿರುವ ಷರತ್ತುಗಳಿಗೆ ಒಳಪಟ್ಟಿದೆ’ ಎಂದಿತ್ತು. ಆ ಷರತ್ತುಗಳು ಒಳಗಿನ ಕಂಬದ ಮೇಲೆ, ಯಂತ್ರದ ಎದುರಿಗಿದ್ದವು. ಅವುಗಳಲ್ಲೊಂದು, ಗಿರಾಕಿಗೆ ಗಾಯವಾದರೂ ಕಂಪನಿ ಹೊಣೆಯಲ್ಲ ಎನ್ನುತ್ತಿತ್ತು. 1970ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟ ಲಾರ್ಡ್ ಡೆನ್ನಿಂಗ್ ಯಂತ್ರದ ಕೆಲಸವನ್ನೇ ಹಿಡಿದು ಯೋಚಿಸಿದರು. ಕೌಂಟರಿನಲ್ಲಿ ಗುಮಾಸ್ತ ಟಿಕೆಟ್ ಕೊಟ್ಟರೆ ಬೇಡ ಎಂದು ವಾಪಸ್ ಕೊಡಬಹುದು. ಯಂತ್ರದ ಹತ್ತಿರ ಹಾಗೆ ಆಗುವುದಿಲ್ಲ. ಸಿದ್ಧವಾಗಿ ನಿಂತ ಯಂತ್ರವೇ ಒಪ್ಪಂದದ ಪ್ರಸ್ತಾವ, ಕಾರು ಅಲ್ಲಿಗೆ ತಂದ ಕ್ಷಣವೇ ಒಪ್ಪಿಗೆ. ಟಿಕೆಟ್ ಬರುವುದು ಅದಾದ ಮೇಲೆ, ಹಾಗಾಗಿ ಅದು ಹೊಸ ಷರತ್ತು ತರಲಾರದು.

ಅವರು ಇನ್ನೊಂದು ಮಾತನ್ನೂ ಹೇಳಿದರು. ಷರತ್ತು ಎಷ್ಟು ಕಠೋರವೋ ಅಷ್ಟು ಎದ್ದು ಕಾಣುವಂತೆ ತಿಳಿಸಬೇಕು. ಮನುಷ್ಯನ ಮೈಗೆ ಆದ ಪೆಟ್ಟಿಗೂ ಹೊಣೆಯಿಲ್ಲ ಎನ್ನುವಷ್ಟು ದೊಡ್ಡ ಮಾತಾದರೆ, ಕೆಂಪು ಶಾಯಿಯಲ್ಲಿ ಬರೆದು ಅದರತ್ತ ಕೆಂಪು ಕೈ ಗುರುತು ಹಾಕಿರಬೇಕು ಎಂಬ ಹೋಲಿಕೆ ಅವರದೇ. ಹೊರಗಿನ ಫಲಕವಂತೂ ಕಾರಿನ ಮಾತಾಡಿತ್ತು, ಮನುಷ್ಯನ ಮಾತಾಡಿರಲಿಲ್ಲ. ಅಪಘಾತದಲ್ಲಿ ಅರ್ಧ ತಪ್ಪು ಥಾರ್ನ್‌ಟನ್ ಅವರದೇ ಎಂದು ಮೊದಲೇ ತೀರ್ಮಾನವಾಗಿತ್ತು. ಆದರೂ ಅವರ ಪಾಲಿಗೆ 3,637 ಪೌಂಡು ಉಳಿಯಿತು. ಮುಂದೆ 1977ರಲ್ಲಿ ಬ್ರಿಟನ್ನಿನ ಸಂಸತ್ತೇ ಕಾನೂನು ಮಾಡಿತು: ವ್ಯಾಪಾರದಲ್ಲಿ ನಿರ್ಲಕ್ಷ್ಯದಿಂದಾದ ಸಾವು, ಗಾಯಗಳ ಹೊಣೆಯನ್ನು ಯಾವ ಬೋರ್ಡಿನಿಂದಲೂ ಕಳಚಿಕೊಳ್ಳುವಂತಿಲ್ಲ.

ಹಾಗಂತ ಕಾರು ಕಳೆದವರೆಲ್ಲ ಗೆಲ್ಲುವುದಿಲ್ಲ. 1937ರ ಆಶ್ಬಿ ಪ್ರಕರಣ ಓದಿದರೆ ಬೇಸರವಾಗುತ್ತದೆ. ಸಮುದ್ರತೀರದ ಸೌತೆಂಡ್ ಊರಿನಲ್ಲಿ ಒಂದು ಶಿಲ್ಲಿಂಗ್ ಕೊಟ್ಟು ಕಾರು ನಿಲ್ಲಿಸಿದ್ದರು. ಟಿಕೆಟ್ ಇಲ್ಲದೆ ಬಂದ ಕಳ್ಳನಿಗೆ ಕಾವಲಿನವನು ಕಾರು ಬಿಟ್ಟುಕೊಟ್ಟ. ಮಾಲೀಕರು ಸೋತರು. ಕಾರಣ, ಅಲ್ಲಿ ಕೊಂಡದ್ದು ಕಾರು ನಿಲ್ಲಿಸುವ ಜಾಗದ ಅನುಮತಿಯನ್ನು ಮಾತ್ರ, ಕಾರನ್ನು ಅವರ ವಶಕ್ಕೆ ಕೊಟ್ಟಿರಲಿಲ್ಲ ಎಂದು ನ್ಯಾಯಾಲಯ ಹೇಳಿತು. ಜಾಗ ಕೊಟ್ಟವನು, ವಸ್ತುವನ್ನು ವಶಕ್ಕೆ ಪಡೆದವನು, ಇಬ್ಬರ ಹೊಣೆ ಬೇರೆ ಬೇರೆ. ನೀವೇ ನಿಲ್ಲಿಸಿ, ಬೀಗ ಹಾಕಿ, ಕೀ ಜೇಬಿಗೆ ಹಾಕಿಕೊಂಡರೆ ಸಾಮಾನ್ಯವಾಗಿ ಮೊದಲನೆಯದು. ಕೀ ಕೊಟ್ಟು ಚೀಟಿ ಪಡೆದರೆ ಎರಡನೆಯದು.

ದೆಹಲಿಯ ಪ್ರಕರಣ ನಿಂತದ್ದು ಈ ಗೆರೆಯ ಮೇಲೆಯೇ. 1872ರ ಭಾರತೀಯ ಒಪ್ಪಂದ ಕಾಯ್ದೆಯ 151ನೇ ಸೆಕ್ಷನ್ ಪ್ರಕಾರ, ಬೇರೆಯವರ ವಸ್ತುವನ್ನು ವಶಕ್ಕೆ ಪಡೆದವರು ಅದನ್ನು ಸಾಮಾನ್ಯ ವಿವೇಕದ ಮನುಷ್ಯ ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಬೇಕು. ಅಷ್ಟು ಜೋಪಾನ ಮಾಡಿದ್ದರೆ ನಷ್ಟಕ್ಕೆ ಅವರು ಹೊಣೆಯಲ್ಲ ಎನ್ನುವ 152ನೇ ಸೆಕ್ಷನ್ನಿನಲ್ಲಿ ‘ವಿಶೇಷ ಒಪ್ಪಂದ ಇಲ್ಲದಿದ್ದರೆ’ ಎಂಬ ಮಾತಿದೆ. ನಮ್ಮ ಚೀಟಿಯೇ ಆ ವಿಶೇಷ ಒಪ್ಪಂದ ಎಂದು ಹೋಟೆಲು ವಾದಿಸಿತು.

ನ್ಯಾಯಮೂರ್ತಿಗಳಾದ ಮೋಹನ ಶಾಂತನಗೌಡರ್ ಮತ್ತು ಅಜಯ್ ರಸ್ತೋಗಿ ಅವರ ಪೀಠ ಅದನ್ನು ಒಪ್ಪಲಿಲ್ಲ. ಹೋಟೆಲಿನ ಅಥವಾ ಅದರ ಕೆಲಸದವರ ನಿರ್ಲಕ್ಷ್ಯದಿಂದ ಆದ ನಷ್ಟವನ್ನು ಚೀಟಿಯ ಸಾಲು ಅಳಿಸಲಾರದು ಎಂದಿತು. ಪಾರ್ಕಿಂಗಿಗೆ ಬೇರೆ ದುಡ್ಡು ತೆಗೆದುಕೊಂಡಿರಲಿಲ್ಲ ಎಂಬ ಮಾತೂ ನಡೆಯಲಿಲ್ಲ. ಊಟ, ರೂಮಿನ ಬೆಲೆಯಲ್ಲೇ ಆ ಸೌಕರ್ಯದ ದುಡ್ಡು ಸೇರಿರುತ್ತದೆ. ನನಗೆ ಅತ್ಯಂತ ಮುಖ್ಯ ಅನ್ನಿಸಿದ್ದು ಸಾಬೀತು ಮಾಡುವ ಹೊರೆಯ ಬಗ್ಗೆ ಪೀಠ ಹೇಳಿದ್ದು. ಕಾರು ಹೇಗೆ ಹೋಯಿತೆಂದು ಅತಿಥಿಗೆ ಗೊತ್ತಾಗುವುದಾದರೂ ಹೇಗೆ? ಅವರು ಒಳಗಿದ್ದರು. ಆದ್ದರಿಂದ ತಾನು ಜೋಪಾನ ಮಾಡಿದ್ದೆ ಎಂದು ಹೋಟೆಲೇ ಮೊದಲು ತೋರಿಸಬೇಕು. ತೋರಿಸಿದ ಮೇಲಷ್ಟೇ ಚೀಟಿಯ ಮಾತಿಗೆ ಬೆಲೆ.

ಹಾಗಾಗಿ ಬೋರ್ಡು ಪೂರ್ತಿ ಸತ್ತಿಲ್ಲ. ಹೊರಗಿನವರ ಕೃತ್ಯದಿಂದ, ಅಥವಾ ಅತಿಥಿಯದೇ ತಪ್ಪಿನಿಂದ ನಷ್ಟವಾಗಿ, ಕಾವಲಿನಲ್ಲಿ ಕೊರತೆ ಇರಲಿಲ್ಲ ಎಂದು ಸಾಬೀತಾದರೆ ಅದು ಕೆಲಸ ಮಾಡಬಹುದು. ಈ ಪ್ರಕರಣದಲ್ಲಿ ಹಾಗಾಗಲಿಲ್ಲ. ಹೋಟೆಲಿನ ಸುಪರ್ದಿಯಲ್ಲಿದ್ದ ಕೀಯೇ ಪರರ ಕೈಗೆ ಸಿಕ್ಕಿತ್ತು. ವಿಮಾ ಕಂಪನಿ ಕಾರಿನ ಮಾಲೀಕರಿಗೆ ಮೊದಲೇ ಕೊಟ್ಟಿದ್ದ 2.8 ಲಕ್ಷ ರೂಪಾಯಿಯನ್ನು ಬಡ್ಡಿ ಸೇರಿಸಿ ಹೋಟೆಲೇ ಕಟ್ಟಬೇಕಾಯಿತು.