ಗುಂಪು ದೊಡ್ಡದಾದಾಗ ಮನೆ ಬಿಡುವ ಕಾಲರಾ ಬ್ಯಾಕ್ಟೀರಿಯಾ

ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಎಷ್ಟು ಜನ ಇದ್ದಾರೆ ಅಂತ ಲೆಕ್ಕ ಇಡುತ್ತವೆ. ಲೆಕ್ಕ ಇಡುವ ದಾರಿ ಸರಳ. ಪ್ರತಿ ಕೋಶವೂ ಒಂದು ಸಣ್ಣ ಅಣುವನ್ನು ಸದಾ ಹೊರಗೆ ಬಿಡುತ್ತಾ ಇರುತ್ತದೆ. ಕೋಶಗಳು ಕಡಿಮೆ ಇದ್ದರೆ ಆ ಅಣು ನೀರಿನಲ್ಲಿ ಹರಡಿ ಕಾಣದಂತಾಗುತ್ತದೆ. ಕೋಶಗಳು ಜಾಸ್ತಿಯಾದ ಹಾಗೆ ಅದೂ ದಟ್ಟವಾಗುತ್ತದೆ. ಒಂದು ಮಟ್ಟ ದಾಟಿತು ಅಂದರೆ ಎಲ್ಲ ಕೋಶಗಳೂ ಹೆಚ್ಚುಕಡಿಮೆ ಒಟ್ಟಿಗೇ ನಡವಳಿಕೆ ಬದಲಿಸುತ್ತವೆ. ಬೆಳಕು ಸೂಸುವ ಸಮುದ್ರದ ಬ್ಯಾಕ್ಟೀರಿಯಾಗಳಲ್ಲಿ ಈ ವಿದ್ಯಮಾನವನ್ನು ನೀಲ್ಸನ್, ಪ್ಲಾಟ್ ಮತ್ತು ಹೇಸ್ಟಿಂಗ್ಸ್ 1970ರಲ್ಲಿ ವರದಿ ಮಾಡಿದರು. ಇದಕ್ಕೆ ಕೋರಂ ಸೆನ್ಸಿಂಗ್ ಎಂಬ ಹೆಸರು ಬಂದದ್ದು 1994ರಲ್ಲಿ.

ಇದರ ಜೊತೆ ಸದಾ ಕೇಳಿಬರುವ ಇನ್ನೊಂದು ಮಾತು ಬಯೋಫಿಲ್ಮ್. ಬ್ಯಾಕ್ಟೀರಿಯಾಗಳು ಒಂದು ಮೇಲ್ಮೈಗೆ ಅಂಟಿಕೊಂಡು, ತಮ್ಮ ಸುತ್ತ ತಾವೇ ಲೋಳೆಯಂಥ ಅಂಟನ್ನು ಸುರಿಸಿಕೊಂಡು, ಅದರೊಳಗೆ ಗುಂಪಾಗಿ ಬದುಕುವ ಪದರ ಅದು. ಹಲ್ಲಿನ ಮೇಲೆ ಕಟ್ಟುವ ಪಾಚಿಯೂ ಅದೇ. ಇವೆರಡನ್ನೂ ಸೇರಿಸಿ ಸಾಮಾನ್ಯವಾಗಿ ಹೇಳುವ ಕಥೆ ಹೀಗಿರುತ್ತದೆ: ಬ್ಯಾಕ್ಟೀರಿಯಾಗಳು ಸಂಖ್ಯೆ ಸಾಕಷ್ಟಾಗುವ ತನಕ ಕಾಯುತ್ತವೆ, ಸಾಕು ಅಂತ ಗೊತ್ತಾದ ಮೇಲೆ ಬಯೋಫಿಲ್ಮ್ ಕಟ್ಟುತ್ತವೆ. ಈ ಕಥೆಗೆ ಆಧಾರ ಇಲ್ಲದಿಲ್ಲ. ಸ್ಯೂಡೋಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾದಲ್ಲಿ ಸಂಕೇತದ ಅಣು ತಯಾರಿಸುವ ಜೀನನ್ನು ಕೆಡಿಸಿದಾಗ ಬಯೋಫಿಲ್ಮ್ ತೆಳ್ಳಗೆ, ಚಪ್ಪಟೆಯಾಗಿ ಬೆಳೆಯಿತು. ಮಾರ್ಜಕ ಹಾಕಿದರೆ ಸುಲಭವಾಗಿ ಚದುರಿತು. ಹೊರಗಿನಿಂದ ಆ ಅಣುವನ್ನು ಕೊಟ್ಟಾಗ ಮತ್ತೆ ಗಟ್ಟಿಯಾಯಿತು. 1998ರ ಈ ಪ್ರಯೋಗ ತುಂಬಾ ಹೆಸರು ಮಾಡಿತು.

ಆದರೆ ಈ ಕಥೆಯನ್ನು ಎಲ್ಲ ಬ್ಯಾಕ್ಟೀರಿಯಾಗಳಿಗೂ ಹೊಂದಿಸಲು ಹೋದರೆ ತಪ್ಪಾಗುತ್ತದೆ. ಕಾಲರಾ ತರುವ ವಿಬ್ರಿಯೊ ಕಾಲರೆಯಲ್ಲಿ ನಡೆಯುವುದು ಪೂರಾ ಉಲ್ಟಾ. ಅದು ಕಡಿಮೆ ಸಂಖ್ಯೆಯಲ್ಲಿದ್ದಾಗ ಬಯೋಫಿಲ್ಮ್ ಕಟ್ಟುತ್ತದೆ. ಸಂಖ್ಯೆ ಹೆಚ್ಚಿದಾಗ ಕಟ್ಟುವುದನ್ನು ನಿಲ್ಲಿಸಿ, ಕಟ್ಟಿದ್ದನ್ನೂ ಬಿಟ್ಟು ಹೊರಡುತ್ತದೆ. ಕೋರಂ ಸೆನ್ಸಿಂಗ್ ನಿಜವಾಗಿ ಏನು ಮಾಡುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಕಾಲರಾ ಬ್ಯಾಕ್ಟೀರಿಯಾ ಮುಖ್ಯವಾಗಿ ಎರಡು ಅಣುಗಳನ್ನು ಬಳಸುತ್ತದೆ. ಒಂದು ಸಿಎಐ-1. ಹದಿಮೂರು ಕಾರ್ಬನ್ ಇರುವ ಸಣ್ಣ ಕೀಟೋನ್ ಅದು. ಅದರ ರಚನೆ ಗೊತ್ತಾದದ್ದು 2007ರಲ್ಲಿ, ಬಾನಿ ಬ್ಯಾಸ್ಲರ್ ಅವರ ಪ್ರಿನ್ಸ್‌ಟನ್ ತಂಡದ ಕೆಲಸದಿಂದ. ಇದನ್ನು ವಿಬ್ರಿಯೊ ಕುಲದವು ತಯಾರಿಸುತ್ತವೆ. ಇನ್ನೊಂದು ಎಐ-2. ಇದನ್ನು ಬೇರೆ ಬೇರೆ ಜಾತಿಯ ಎಷ್ಟೋ ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ. ಅಂದರೆ ಮೊದಲನೆಯದು ನೆಂಟರ ಲೆಕ್ಕ, ಎರಡನೆಯದು ಸುತ್ತಲಿನ ಎಲ್ಲರ ಲೆಕ್ಕ.

ಕೋಶದ ಹೊದಿಕೆಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಗ್ರಾಹಕ ಪ್ರೋಟೀನುಗಳಿವೆ. ಅಣು ಬಂದು ಕೂತಾಗಲೇ ಗ್ರಾಹಕ ಕೆಲಸ ಶುರು ಮಾಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಹಾಗಲ್ಲ. ಅಣು ಇಲ್ಲದಾಗಲೂ ಗ್ರಾಹಕ ಸುಮ್ನೆ ಕೂರುವುದಿಲ್ಲ. ಅದು ಫಾಸ್ಫೇಟ್ ತುಣುಕುಗಳನ್ನು ಒಳಗೆ ದಾಟಿಸುತ್ತಾ ಇರುತ್ತದೆ, ಸಾಲಾಗಿ ನಿಂತವರು ಬಿಂದಿಗೆಯನ್ನು ಕೈಯಿಂದ ಕೈಗೆ ಕೊಡುವ ಹಾಗೆ. ನಡುವೆ ಒಂದು ಪ್ರೋಟೀನ್ ಅದನ್ನು ಈಸಿಕೊಂಡು ಲಕ್ಸ್-ಓ ಎಂಬ ಪ್ರೋಟೀನಿಗೆ ಕೊಡುತ್ತದೆ. ಫಾಸ್ಫೇಟ್ ಸಿಕ್ಕ ಲಕ್ಸ್-ಓ ನಾಲ್ಕು ಪುಟಾಣಿ ಆರ್‌ಎನ್‌ಎಗಳನ್ನು ತಯಾರು ಮಾಡಿಸುತ್ತದೆ. ಈ ಆರ್‌ಎನ್‌ಎಗಳಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಅವುಗಳ ಕೆಲಸ ಬೇರೆ ಆರ್‌ಎನ್‌ಎಗಳಿಗೆ ಅಂಟಿಕೊಳ್ಳುವುದು. ಹ್ಯಾಪ್-ಆರ್ ಎಂಬ ಪ್ರೋಟೀನಿನ ಸಂದೇಶ ಹೊತ್ತ ಆರ್‌ಎನ್‌ಎಗೆ ಅಂಟಿಕೊಂಡು ಅದು ತಯಾರಾಗದಂತೆ ತಡೆಯುತ್ತವೆ. ಆಫ್-ಎ ಎಂಬ ಇನ್ನೊಂದು ಪ್ರೋಟೀನಿನ ಸಂದೇಶಕ್ಕೆ ಅಂಟಿಕೊಂಡು ಅದು ಜಾಸ್ತಿ ತಯಾರಾಗುವಂತೆ ಮಾಡುತ್ತವೆ.

ಆಫ್-ಎ ಇದ್ದಾಗ ಕೋಶ ರೋಗ ತರುವ ಸಾಮಾನುಗಳನ್ನು ತಯಾರಿಸುತ್ತದೆ. ಹ್ಯಾಪ್-ಆರ್ ಇಲ್ಲದ್ದರಿಂದ ಬಯೋಫಿಲ್ಮ್‌ನ ಜೀನುಗಳಿಗೂ ಅಡ್ಡಿ ಇರುವುದಿಲ್ಲ. ವಿಪಿಎಸ್ ಎಂಬ ಸಕ್ಕರೆ ಸರಪಳಿಯ ಅಂಟು ಹೊರಬರುತ್ತದೆ, ಅದರ ಜೊತೆ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನುಗಳೂ ಬರುತ್ತವೆ. ಒಂದೇ ಒಂದು ಕೋಶ ಅಂಟಿಕೊಂಡು ಒಡೆಯುತ್ತಾ ಹೋದರೆ ಸಾಕು, ಕೆಲವು ಗಂಟೆಗಳಲ್ಲಿ ಅಲ್ಲಿ ಸಾವಿರಾರು ಕೋಶಗಳ ಗುಡ್ಡೆ ಇರುತ್ತದೆ.

ಗುಡ್ಡೆ ಬೆಳೆದಷ್ಟೂ ಸಂಕೇತದ ಅಣುಗಳೂ ಹೆಚ್ಚುತ್ತವೆ. ಅಣು ಬಂದು ಕೂತೊಡನೆ ಗ್ರಾಹಕದ ಕೆಲಸ ತಿರುಗುಮುರುಗಾಗುತ್ತದೆ. ಇಷ್ಟು ಹೊತ್ತು ಫಾಸ್ಫೇಟ್ ಕೊಡುತ್ತಿದ್ದದ್ದೇ ಈಗ ಲಕ್ಸ್-ಓದಿಂದ ಅದನ್ನು ಕಿತ್ತುಕೊಳ್ಳುತ್ತದೆ. ಪುಟಾಣಿ ಆರ್‌ಎನ್‌ಎಗಳು ನಿಲ್ಲುತ್ತವೆ. ಹ್ಯಾಪ್-ಆರ್ ತಯಾರಾಗುತ್ತದೆ. ಅದು ವಿಪಿಎಸ್ ಜೀನುಗಳನ್ನು ಅದುಮುತ್ತದೆ, ಪ್ರೋಟೀನು ಕತ್ತರಿಸುವ ಒಂದು ಕಿಣ್ವವನ್ನೂ ಹೊರಡಿಸುತ್ತದೆ. ಕೋಶಗಳು ಬಿಡಿಸಿಕೊಂಡು ಈಜಿ ಹೊರಟುಬಿಡುತ್ತವೆ.

ಇದನ್ನು ಲ್ಯಾಬಿನಲ್ಲಿ ಗುರುತಿಸುವುದು ಹೇಗೆ? ಹಳೆಯ, ಸುಲಭದ ದಾರಿ ಕ್ರಿಸ್ಟಲ್ ವಯಲೆಟ್ ಬಣ್ಣ. ಗಾಜಿನ ಕೊಳವೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ದ್ರವ ಚೆಲ್ಲಿ, ತೊಳೆದು, ಬಣ್ಣ ಹಾಕಿ ಮತ್ತೆ ತೊಳೆಯಬೇಕು. ಬಯೋಫಿಲ್ಮ್ ಇದ್ದಲ್ಲಿ ನೇರಳೆ ಉಂಗುರ ಉಳಿಯುತ್ತದೆ. ಹ್ಯಾಪ್-ಆರ್ ಕೆಟ್ಟ ತಳಿಯಲ್ಲಿ ಆ ಉಂಗುರ ದಪ್ಪ. ಆದರೆ ಈ ಪರೀಕ್ಷೆ ಹೇಳುವುದು ಒಂದು ಗಳಿಗೆಯ ಸ್ಥಿತಿ ಮಾತ್ರ. ಸಹಜ ತಳಿಯಲ್ಲಿ ಬಯೋಫಿಲ್ಮ್ ಸುಮಾರು ಎಂಟೊಂಬತ್ತು ಗಂಟೆಗೆ ತುತ್ತತುದಿ ಮುಟ್ಟಿ ಆಮೇಲೆ ಚದುರಲು ಶುರುವಾಗುತ್ತದೆ. ರಾತ್ರಿ ಇಟ್ಟು ಮರುದಿನ ನೋಡಿದವರಿಗೆ ಇದು ಬಯೋಫಿಲ್ಮ್ ಕಟ್ಟುವುದೇ ಇಲ್ಲ ಅಂತ ಅನಿಸಬಹುದು. ಕಟ್ಟಲಿಲ್ಲವೋ, ಕಟ್ಟಿ ಬಿಟ್ಟು ಹೋಯಿತೋ ಎಂಬುದು ತಿಳಿಯಬೇಕಾದರೆ ಸೂಕ್ಷ್ಮದರ್ಶಕದ ಕೆಳಗೆ ಗಂಟೆಗಟ್ಟಲೆ ಅದೇ ಗುಡ್ಡೆಯನ್ನು ನೋಡುತ್ತಾ ಇರಬೇಕು.

ಬ್ರಿಡ್ಜಸ್ ಮತ್ತು ಬ್ಯಾಸ್ಲರ್ 2019ರಲ್ಲಿ ಮಾಡಿದ್ದು ಅದನ್ನೇ. ಅವರಿಗೆ ಸಿಕ್ಕಿದ ಉತ್ತರ ಸೊಗಸಾಗಿದೆ. ಬಯೋಫಿಲ್ಮ್ ಕಟ್ಟುವುದು ನಿಲ್ಲಬೇಕಾದರೆ ಎರಡೂ ಅಣುಗಳು ಒಟ್ಟಿಗೆ ಇರಬೇಕು. ಒಂದೇ ಇದ್ದರೆ ಸಾಲದು. ಯಾಕೆಂದರೆ ಎರಡೂ ಗ್ರಾಹಕಗಳು ಒಂದೇ ಲಕ್ಸ್-ಓಗೆ ಫಾಸ್ಫೇಟ್ ಕೊಡುತ್ತವೆ. ಒಂದು ಕಡೆ ಅಣು ಕೂತು ಕಿತ್ತುಕೊಳ್ಳುತ್ತಿದ್ದರೂ ಇನ್ನೊಂದು ಕಡೆಯಿಂದ ಬರುತ್ತಲೇ ಇರುತ್ತದೆ. ಸಿಎಐ-1ರ ಮಟ್ಟ ಕೆಲವೇ ಕೋಶಗಳಿದ್ದಾಗಲೇ ಸಾಕಷ್ಟಾಗುತ್ತದೆ. ಎಐ-2ಕ್ಕೆ ಮಾತ್ರ ಗುಂಪು ದೊಡ್ಡದಾಗಬೇಕು. ಹಾಗಾಗಿ ಹೊರಡುವ ಹೊತ್ತನ್ನು ನಿರ್ಧರಿಸುವುದು ಎಐ-2. ನಮ್ಮವರು ಇಲ್ಲಿದ್ದಾರೆ ಅಂತ ಮೊದಲು ಖಾತ್ರಿ, ಆಮೇಲೆ ಒಟ್ಟು ಜನಸಂದಣಿ ಎಷ್ಟು ಅಂತ ಲೆಕ್ಕ. ಬೇರೆ ಜಾತಿಯವು ಬಿಟ್ಟ ಎಐ-2 ಕೂಡ ಈ ಲೆಕ್ಕಕ್ಕೆ ಸೇರುತ್ತದೆ.

ಇಲ್ಲೊಂದು ಎಚ್ಚರ ಬೇಕು. ಕೋಶ ಅಳೆಯುವುದು ತಲೆ ಎಣಿಕೆಯನ್ನಲ್ಲ, ತನ್ನ ಪಕ್ಕದಲ್ಲಿ ಅಣು ಎಷ್ಟು ದಟ್ಟವಾಗಿದೆ ಎಂಬುದನ್ನು. ನೀರು ಹರಿಯುವ ಜಾಗದಲ್ಲಿ ಅಣು ತೊಳೆದುಹೋಗುತ್ತದೆ. ಹರಿಯುವ ನೀರಿನಲ್ಲಿ ಬಯೋಫಿಲ್ಮ್ ಬೆಳೆಸಿದ 2016ರ ಒಂದು ಅಧ್ಯಯನದಲ್ಲಿ ದಪ್ಪ ಪದರದ ತಳದಲ್ಲಿದ್ದ ಕೋಶಗಳಿಗೂ, ಹರಿವು ತಟ್ಟದ ಸಂದುಗಳಲ್ಲಿದ್ದವಕ್ಕೂ ಮಾತ್ರ ಸಂಕೇತ ಮುಟ್ಟಿತು. ಒಂದೇ ಬಯೋಫಿಲ್ಮ್‌ನ ಮೇಲಿನವಕ್ಕೆ ತಾವು ಒಂಟಿ ಎಂಬ ಲೆಕ್ಕ, ಕೆಳಗಿನವಕ್ಕೆ ಜಾತ್ರೆಯ ಲೆಕ್ಕ! ಮತ್ತೆ, ಹೊರಡಲು ಸಂದಣಿಯೊಂದೇ ಕಾರಣವೂ ಅಲ್ಲ. ಆಹಾರ ತೀರಿದ ಸೂಚನೆಯೂ ಜೊತೆಗೆ ಬೇಕು ಅಂತ 2017ರಲ್ಲಿ ಡ್ರೆಷರ್ ಅವರ ತಂಡ ತೋರಿಸಿತು. ಹರಿವು ನಿಂತರೆ ಅಣು ಕೂಡಿಕೊಳ್ಳುತ್ತದೆ, ಆಹಾರವೂ ಖಾಲಿಯಾಗುತ್ತದೆ. ಆಗ ಗುಡ್ಡೆ ಕರಗುತ್ತದೆ.

ಸರಿ, ಇಂಥ ಉಲ್ಟಾ ಏರ್ಪಾಡಿನಿಂದ ಈ ಬ್ಯಾಕ್ಟೀರಿಯಾಕ್ಕೆ ಏನು ಲಾಭ? ಅದರ ದಾರಿ ನೋಡಿದರೆ ಅರ್ಥವಾಗುತ್ತದೆ. ನೀರಿನಿಂದ ಬಾಯಿಗೆ, ಬಾಯಿಂದ ಹೊಟ್ಟೆಗೆ, ಅಲ್ಲಿಂದ ಸಣ್ಣ ಕರುಳಿಗೆ. ಹೊಟ್ಟೆಯ ಆಮ್ಲ ಇದಕ್ಕೆ ದೊಡ್ಡ ಅಡ್ಡಿ. ಸ್ವಯಂಸೇವಕರ ಮೇಲೆ ನಡೆದ ಪ್ರಯೋಗಗಳಲ್ಲಿ ಆಮ್ಲ ತಗ್ಗಿಸಿದಾಗ ಹತ್ತು ಲಕ್ಷ ಕೋಶಗಳೇ ರೋಗ ತರಲು ಸಾಕಾದವು. ತಗ್ಗಿಸದಿದ್ದಾಗ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೇಕಾಯಿತು. ಬಯೋಫಿಲ್ಮ್‌ನೊಳಗೆ ಇದ್ದವು ಆಮ್ಲವನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಹಾಗಾದರೆ ಬಯೋಫಿಲ್ಮ್ ದಪ್ಪ ಆದಷ್ಟೂ ಒಳ್ಳೆಯದೇ? ಅಲ್ಲ. ಝು ಮತ್ತು ಮೆಕಲಾನೋಸ್ 2003ರಲ್ಲಿ ತೋರಿಸಿದಂತೆ, ಹ್ಯಾಪ್-ಆರ್ ಕೆಟ್ಟ ತಳಿಗಳು ದಪ್ಪ ಬಯೋಫಿಲ್ಮ್ ಕಟ್ಟಿದರೂ ಕರುಳಿನಲ್ಲಿ ನೆಲೆಯೂರುವುದರಲ್ಲಿ ಹಿಂದೆ ಬಿದ್ದವು. ಅವಕ್ಕೆ ಅಂಟಿನಿಂದ ಹೊರಗೆ ಬರುವುದು ಕಷ್ಟ. ಸಹಜ ತಳಿ ಕರುಳಲ್ಲಿ ನೆಲೆಯೂರಿ ಬೆಳೆಯುತ್ತದೆ, ಸಂಖ್ಯೆ ತುಂಬಿದಾಗ ಬಿಡಿಸಿಕೊಂಡು ಭೇದಿಯ ಜೊತೆ ಹೊರಗಿನ ನೀರಿಗೆ ಹೋಗುತ್ತದೆ. ಬೇಗ ಬಂದು ಬೇಗ ಹೋಗುವ ರೋಗಕ್ಕೆ ಈ ಲೆಕ್ಕಾಚಾರ ಸರಿಹೊಂದುತ್ತದೆ. ಸ್ಯೂಡೋಮೊನಾಸ್‌ನಂತೆ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ತಳವೂರುವ ಇರಾದೆ ಇದಕ್ಕಿಲ್ಲ.

ಔಷಧಿಯ ಯೋಚನೆ ಮಾಡುವವರಿಗೆ ಇದು ತುಂಬಾ ಮುಖ್ಯ. ಬ್ಯಾಕ್ಟೀರಿಯಾಗಳ ಮಾತುಕತೆ ತಡೆದರೆ ರೋಗ ತಡೆಯಬಹುದು ಎಂಬ ಮಾತು ಎಲ್ಲೆಡೆ ಓದಲು ಸಿಗುತ್ತದೆ. ಕಾಲರಾದಲ್ಲಿ ಹಾಗೆ ಮಾಡಿದರೆ ಕೋಶಗಳು ತಾವು ಒಂಟಿ ಎಂಬ ಸ್ಥಿತಿಯಲ್ಲೇ ಉಳಿಯುತ್ತವೆ. ಬಯೋಫಿಲ್ಮ್ ಕಟ್ಟುವುದೂ ನಿಲ್ಲುವುದಿಲ್ಲ, ವಿಷ ತಯಾರಿಸುವುದೂ ನಿಲ್ಲುವುದಿಲ್ಲ. ಇಲ್ಲಿ ಬೇಕಾದದ್ದು ಸಂಕೇತವನ್ನು ಮೊದಲೇ ಕೊಡುವುದು. ಡುವಾನ್ ಮತ್ತು ಮಾರ್ಚ್ 2010ರಲ್ಲಿ ಅದನ್ನೇ ಪ್ರಯತ್ನಿಸಿದರು. ನಿಸ್ಲೆ ಎಂಬ ನಿರಪಾಯದ ಇ. ಕೋಲಿ ತಳಿಗೆ ಸಿಎಐ-1 ತಯಾರಿಸುವ ಜೀನ್ ಸೇರಿಸಿದರು. ಎಐ-2 ಅದರಲ್ಲಿ ಮೊದಲೇ ಇತ್ತು, ಹಾಗಾಗಿ ಎರಡೂ ಸಂಕೇತ ಒಟ್ಟಿಗೆ ಸಿಕ್ಕಂತಾಯಿತು. ಕಾಲರಾ ಬ್ಯಾಕ್ಟೀರಿಯಾ ಕೊಡುವ ಎಂಟು ಗಂಟೆ ಮೊದಲು ಇಲಿಮರಿಗಳಿಗೆ ಇದನ್ನು ಕುಡಿಸಿದಾಗ ಬದುಕುಳಿದವುಗಳ ಪ್ರಮಾಣ ಶೇ. 92ರಷ್ಟು ಹೆಚ್ಚಿತು.

ಆದರೆ ಈ ಉಪಾಯಕ್ಕೂ ಒಂದು ಮಿತಿ ಇದೆ. ಸಂಕೇತ ಮುಟ್ಟಿದರೆ ಸಾಲದು, ಅದನ್ನು ನಡೆಸಿಕೊಡಲು ಒಳಗೆ ಹ್ಯಾಪ್-ಆರ್ ಇರಬೇಕು. 2000ದಲ್ಲಿ ಪೂರ್ತಿ ಜೀನೋಮ್ ಓದಿದ ಮೊದಲ ಕಾಲರಾ ತಳಿ ಎನ್16961. ಅದರಲ್ಲಿ ಹ್ಯಾಪ್-ಆರ್ ಜೀನೇ ಕೆಟ್ಟಿದೆ. ನಿಸರ್ಗದಲ್ಲಿ ಸಿಕ್ಕ ಬೇರೆ ಕೆಲವು ತಳಿಗಳಲ್ಲೂ ಹೀಗೇ ಇದೆ. ಇವಕ್ಕೆ ಎರಡೂ ಸಂಕೇತ ಎಷ್ಟೇ ಕೊಟ್ಟರೂ ಅವು ಗ್ರಾಹಕಗಳ ಮೇಲೆ ಕೂರುತ್ತವೆ, ಲಕ್ಸ್-ಓದಿಂದ ಫಾಸ್ಫೇಟೂ ಹೋಗುತ್ತದೆ, ಆದರೆ ವಿಪಿಎಸ್ ಜೀನುಗಳನ್ನು ಅದುಮುವ ಹ್ಯಾಪ್-ಆರ್ ಬರುವುದೇ ಇಲ್ಲ. ಹಾಗಾಗಿ ಇಂಥ ಚಿಕಿತ್ಸೆ ಕೊಡುವ ಮೊದಲು ಎದುರಿಗಿರುವ ತಳಿಯ ಹ್ಯಾಪ್-ಆರ್ ಸರಿ ಇದೆಯಾ ಅಂತ ಪರೀಕ್ಷಿಸಲೇಬೇಕಾಗುತ್ತದೆ.