ಮೂರೇ ಸಾಲಿನಲ್ಲಿ ಬರೆದರೆ ಹಿರಿಯರಿಗೆ ಅಗೌರವವಾಗುವುದಿಲ್ಲವೇ?

ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆ ಎಂಬ ಲೆಕ್ಕ ಈಗ ನನಗೇ ತಪ್ಪಿಹೋಗಿದೆ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಬದಲಾಗುವುದಿಲ್ಲ. ಈ ಬಾರಿ ಕೇಳಿದವರು ಶಿರಸಿ ಸೀಮೆಯ ಒಂದು ಸಣ್ಣ ಸಹಕಾರ ಸಂಘದ ಕಾರ್ಯದರ್ಶಿಗಳು. ಕಾರವಾರದಲ್ಲಿರುವ ಲೆಕ್ಕಪರಿಶೋಧಕರನ್ನು ಭೇಟಿಯಾಗಲು ಒಂದು ದಿನ ಗೊತ್ತುಪಡಿಸಿಕೊಳ್ಳುವುದಕ್ಕೆ ಅವರು ಜೂನ್ 30ರ ಸೋಮವಾರ ಇ-ಮೇಲ್ ಕಳುಹಿಸಿದ್ದರು. ಆ ದಿನ ಗೊತ್ತಾಗುವಷ್ಟರಲ್ಲಿ ಒಂಬತ್ತು ದಿನಗಳು ಕಳೆದು, ಎರಡೂ ಕಡೆಯಿಂದ ಆರು ಪತ್ರಗಳು ಓಡಾಡಿದ್ದವು. ಆಮೇಲೆ ಅವರು ಆ ಪತ್ರವನ್ನು ನನಗೆ ಕಳುಹಿಸಿ, ಚಿಕ್ಕದಾಗಿ ಬರೆಯಬೇಕೆಂದು ನೀವು ಹೇಳುತ್ತೀರಿ, ಆದರೆ ದೊಡ್ಡವರಿಗೆ ಮೂರೇ ಸಾಲು ಗೀಚಿ ಕಳುಹಿಸಿದರೆ ಅವರು ಏನೆಂದುಕೊಂಡಾರು ಎಂದು ಕೇಳಿದ್ದಾರೆ. ಅವರ ಒಪ್ಪಿಗೆ ಪಡೆದು, ಗುರುತು ತೆಗೆದು, ಪತ್ರವನ್ನು ಇಲ್ಲಿ ಕೊಡುತ್ತಿದ್ದೇನೆ. ಅದರ ವಿಷಯದ ಜಾಗದಲ್ಲಿ ಇದ್ದದ್ದು ‘ಸಂಘದ ಬಗ್ಗೆ’ ಎಂಬ ಎರಡೇ ಶಬ್ದ.

“ಮಾನ್ಯರೇ, ಸಪ್ರೇಮ ವಂದನೆಗಳು. ತಾವು ಕ್ಷೇಮವಾಗಿರುವಿರೆಂದು ಭಾವಿಸುತ್ತೇನೆ. ಕಳೆದ ವರ್ಷ ತಾವು ಬಂದಿದ್ದಾಗ ನಮ್ಮ ಗುಮಾಸ್ತರು ರಜೆಯಲ್ಲಿದ್ದ ಕಾರಣ ಕೆಲವು ವೋಚರ್‌ಗಳನ್ನು ತೋರಿಸಲಾಗಲಿಲ್ಲ, ಅದಕ್ಕೆ ಈಗಲೂ ಬೇಸರವಿದೆ. ಈ ವರ್ಷ ಎಲ್ಲವನ್ನೂ ಜೋಡಿಸಿಟ್ಟಿದ್ದೇವೆ, ಆದರೆ ಗೋದಾಮಿನ ದಾಸ್ತಾನು ಪುಸ್ತಕ ಸ್ವಲ್ಪ ಬಾಕಿಯಿದ್ದು ಶನಿವಾರದ ಹೊತ್ತಿಗೆ ಮುಗಿಯಬಹುದು. ಅಧ್ಯಕ್ಷರು ಸೋಮವಾರ ಹುಬ್ಬಳ್ಳಿಗೆ ಮಗಳ ಮನೆಗೆ ಹೋಗುವವರಿದ್ದು, ಬುಧವಾರ ಬರಬಹುದು. ಮಳೆಯೂ ಜೋರಾಗಿದೆ, ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ಯಲ್ಲಾಪುರ ಸುತ್ತಿ ಅರಬೈಲು ಘಟ್ಟ ಇಳಿಯಬೇಕಾಗುತ್ತದೆ. ಆದ್ದರಿಂದ ತಾವು ಇಲ್ಲಿಗೆ ಬರುವುದೋ, ನಾವೇ ಪುಸ್ತಕ ಹಿಡಿದು ಅಲ್ಲಿಗೆ ಬರುವುದೋ ಎಂಬುದನ್ನೂ ಯೋಚಿಸಬೇಕು. ಕಳೆದ ವರ್ಷದ ಶುಲ್ಕದ ರಸೀದಿ ಇನ್ನೂ ಸಿಕ್ಕಿಲ್ಲ. ಮುಂದಿನ ವಾರ ಯಾವಾಗಲಾದರೂ ತಮ್ಮ ಅನುಕೂಲದಂತೆ ತಿಳಿಸಿದರೆ ನಾವು ಇಲ್ಲಿ ನೋಡಿಕೊಂಡು ಖಚಿತಪಡಿಸುತ್ತೇವೆ.”

ಇದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ, ಒಂದು ಶಬ್ದವೂ ಒರಟಲ್ಲ. ಆದರೂ ಪರಿಶೋಧಕರು ಬುಧವಾರ ಬರೆದ ಉತ್ತರ ಒಂದೇ ಸಾಲಿನದು: 8ನೇ ತಾರೀಖು ಮಂಗಳವಾರ ಆಗಬಹುದು. ಅವರು ಕೊನೆಯ ವಾಕ್ಯವನ್ನು ಓದಿ, ಅದನ್ನು ನಂಬಿ ದಿನ ಕೊಟ್ಟಿದ್ದರು. ಮಂಗಳವಾರ ಅಧ್ಯಕ್ಷರು ಊರಿನಲ್ಲಿರುವುದಿಲ್ಲ ಎಂಬ ಸಂಗತಿ ನಡುವಿನಲ್ಲೆಲ್ಲೋ ಹೂತುಹೋಗಿತ್ತು. ಕಾರ್ಯದರ್ಶಿಗಳು ಕ್ಷಮೆ ಕೋರಿ ಬರೆದರು. ಹಾಗಾದರೆ ಯಾವಾಗ ಎಂದು ಪರಿಶೋಧಕರು ಕೇಳಿದರು. ಗುರುವಾರ ಅಥವಾ ಶುಕ್ರವಾರ ಎಂದು ಇವರು ತಿಳಿಸುವ ಹೊತ್ತಿಗೆ ಆ ಎರಡೂ ದಿನಗಳು ಬೇರೆ ಸಂಘಗಳ ಪಾಲಾಗಿದ್ದವು. ಕೊನೆಗೆ ಭೇಟಿ 17ಕ್ಕೆ ಹೋಯಿತು.

ಈಗ ಆ ಹಠಮಾರಿ ನಂಬಿಕೆಯ ಮಾತಿಗೆ ಬರೋಣ. ‘ತಮ್ಮ ಅನುಕೂಲದಂತೆ ಯಾವಾಗಲಾದರೂ’ ಎನ್ನುವುದು ವಿನಯ, ‘ಗುರುವಾರವೋ ಶುಕ್ರವಾರವೋ’ ಎಂದು ಕೇಳುವುದು ಅಧಿಕಪ್ರಸಂಗ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹೀಗೆ ತಿಳಿದವರು ತಮ್ಮ ಮನೆಯ ಜಗಲಿಯಲ್ಲಿ ಏನು ಮಾಡುತ್ತಾರೆಂಬುದನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಬಿಸಿಲಲ್ಲಿ ಬಂದ ಹಿರಿಯರಿಗೆ ಮೊದಲು ಕೈಕಾಲಿಗೆ ನೀರು ಕೊಟ್ಟು, ಆಮೇಲೆ ಕೇಳುವುದು ‘ಚಹಾ ಮಾಡಲೋ, ಕಷಾಯವೋ’ ಎಂದೇ ಹೊರತು, ‘ತಮಗೆ ಏನು ಬೇಕಾದರೂ ತಮ್ಮ ಇಚ್ಛೆಯಂತೆ ಹೇಳಬಹುದು’ ಎಂದಲ್ಲ. ಹಾಗೆ ಕೇಳಿದರೆ ಬಂದವರು ‘ಏನೂ ಬೇಡ’ ಎನ್ನುತ್ತಾರೆ. ಏಕೆಂದರೆ ನಿಮ್ಮ ಮನೆಯಲ್ಲಿ ಹಾಲು ಇದೆಯೋ ಇಲ್ಲವೋ, ಒಲೆ ಹೊತ್ತಿದೆಯೋ ಆರಿದೆಯೋ ಅವರಿಗೆ ತಿಳಿಯದು, ಇಲ್ಲದ್ದನ್ನು ಕೇಳಿ ನಿಮ್ಮನ್ನು ಮುಜುಗರಕ್ಕೆ ಸಿಲುಕಿಸಲು ಅವರಿಗೆ ಮನಸ್ಸೂ ಇಲ್ಲ. ಎರಡನ್ನು ಹೆಸರಿಸಿ ಕೇಳಿದಾಗ, ಎರಡೂ ಇವೆ, ಯಾವುದನ್ನು ಹೇಳಿದರೂ ತೊಂದರೆಯಿಲ್ಲ ಎಂಬ ಭರವಸೆ ಆ ಪ್ರಶ್ನೆಯಲ್ಲೇ ಸೇರಿರುತ್ತದೆ. ಉಪಚಾರವೆಂದರೆ ಅದೇ. ಜಗಲಿಯಲ್ಲಿ ಗೊತ್ತಿರುವ ಈ ರೀತಿಯನ್ನು ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಏಕೆ ಮರೆಯುತ್ತೇವೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಅಷ್ಟೇ ಅಲ್ಲ, ‘ಯಾವಾಗಲಾದರೂ’ ಎಂಬ ಮಾತು ಬಹುತೇಕ ನಿಜವೂ ಆಗಿರುವುದಿಲ್ಲ. ಮೇಲಿನ ಪತ್ರವನ್ನೇ ಪೆನ್ಸಿಲ್ ಹಿಡಿದು ಮತ್ತೊಮ್ಮೆ ಓದಿರಿ. ದಾಸ್ತಾನು ಪುಸ್ತಕ ಮುಗಿಯುವುದು ಶನಿವಾರ, ಜುಲೈ 5ಕ್ಕೆ. ಅಧ್ಯಕ್ಷರು 7ಕ್ಕೆ ಹೋಗಿ 9ಕ್ಕೆ ಬರುತ್ತಾರೆ. 12 ಎರಡನೇ ಶನಿವಾರ, ರಜೆ. ಉಳಿದದ್ದು 10 ಮತ್ತು 11, ಎರಡೇ ದಿನ. ಅಂದರೆ ಕಾರ್ಯದರ್ಶಿಗಳ ಬಳಿ ಇದ್ದದ್ದು ಎರಡು ದಿನ, ಕೊಟ್ಟದ್ದು ಇಡೀ ವಾರ. ಉಳಿದ ದಿನಗಳನ್ನು ಕಳೆಯುವ ಲೆಕ್ಕವನ್ನು ಓದುವವರ ತಲೆಗೆ ಹಾಕಿ, ಅದಕ್ಕೆ ವಿನಯವೆಂದು ಹೆಸರಿಟ್ಟರು.

ಗೌರವಕ್ಕೆ ಉದ್ದ ಬೇಕೆನ್ನುವವರಿಗೆ ಇನ್ನೊಂದು ಮಾತು. ಕನ್ನಡದಲ್ಲಿ ಗೌರವ ಕೂತಿರುವುದು ಕ್ರಿಯಾಪದದ ಕೊನೆಯಲ್ಲಿ. ಬಾ, ಬನ್ನಿ, ಬರಬಹುದೇ, ತಾವು ಬರಬಹುದೇ ಎಂಬ ನಾಲ್ಕನ್ನು ಸಾಲಾಗಿ ಇಟ್ಟು ನೋಡಿದರೆ, ಒಂದೆರಡು ಅಕ್ಷರಗಳಲ್ಲಿ ಮಾತಿನ ಮರ್ಯಾದೆ ಎಷ್ಟು ಏರುತ್ತದೆಂಬುದು ಕಾಣುತ್ತದೆ. ಇಂಥ ಅನುಕೂಲವನ್ನು ಕೈಯಲ್ಲಿಟ್ಟುಕೊಂಡು, ಗೌರವಕ್ಕಾಗಿ ಮತ್ತೆ ಎಂಟು ವಾಕ್ಯಗಳನ್ನು ಹೊರುವ ಅಗತ್ಯವೇನಿದೆ? ನಮ್ಮ ಹಿರಿಯರು ಹುಟ್ಟು, ಸಾವು, ಮದುವೆಯ ಸುದ್ದಿಯನ್ನೆಲ್ಲ ತಂತಿಯಲ್ಲಿ ಕಳುಹಿಸಿದವರು. ಶಬ್ದದ ಲೆಕ್ಕದಲ್ಲಿ ದುಡ್ಡು ಕೊಡಬೇಕಾಗಿದ್ದ ಆ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಅಲ್ಲಿಯವರೆಗೆ ಯಾರೂ ತಂತಿ ಚಿಕ್ಕದಾಯಿತೆಂದು ಮುನಿಸಿಕೊಂಡದ್ದನ್ನು ನಾನು ಕೇಳಿಲ್ಲ. ಉದ್ದದ ಅಭ್ಯಾಸ ಬಂದದ್ದು ಶಾಲೆಯಲ್ಲಿ ಕಲಿತ ಅರ್ಜಿಯ ಮಾದರಿಯಿಂದ ಮತ್ತು ‘ಉಭಯ ಕುಶಲೋಪರಿ’ಯ ಮನೆಪತ್ರದಿಂದ. ಅರ್ಜಿ ಕಡತದಲ್ಲಿ ವರ್ಷಗಟ್ಟಲೆ ಇರಬೇಕಾದದ್ದು, ಮನೆಪತ್ರ ನಿಧಾನವಾಗಿ ಓದಬೇಕಾದದ್ದು. ದಿನ ಗೊತ್ತುಪಡಿಸುವ ಪತ್ರದ ಆಯುಷ್ಯ ಉತ್ತರ ಬರುವವರೆಗೆ ಮಾತ್ರ.

ಹಾಗಾದರೆ ಇದನ್ನು ತಿದ್ದುವುದು ಹೇಗೆ? ಶಬ್ದಗಳಿಗೆ ಕತ್ತರಿ ಹಾಕುವುದರಿಂದ ಆರಂಭಿಸಬಾರದು. ಈ ಪತ್ರ ಉದ್ದವಾದದ್ದು ಬರೆಯುವವರಿಗೆ ಮಾತು ಹೆಚ್ಚಾಗಿ ಅಲ್ಲ, ತೀರ್ಮಾನ ಕಡಿಮೆಯಾಗಿ. ಎಲ್ಲಿ ಸೇರುವುದು, ಯಾರು ಬರುವುದು, ಅಧ್ಯಕ್ಷರು ಬುಧವಾರ ನಿಜವಾಗಿ ಮರಳುವರೇ ಎಂಬ ಮೂರೂ ತಮ್ಮ ಮನೆಯೊಳಗಿನ ಪ್ರಶ್ನೆಗಳು. ಅವು ಇತ್ಯರ್ಥವಾಗದೆ ಪತ್ರದೊಳಕ್ಕೆ ನುಗ್ಗಿವೆ. ಎಲ್ಲೆಲ್ಲಿ ‘ಬರಬಹುದು’, ‘ಮುಗಿಯಬಹುದು’, ‘ಯೋಚಿಸಬೇಕು’ ಎಂದಿದೆಯೋ ಅಲ್ಲೆಲ್ಲ ಒಂದು ಗೆರೆ ಎಳೆಯಿರಿ. ಪ್ರತಿಯೊಂದು ಗೆರೆಯೂ ಬರೆಯುವ ಮೊದಲು ಮಾಡಬೇಕಾಗಿದ್ದ ಒಂದು ಫೋನ್ ಕರೆ. ಇಲ್ಲಿ ಅಧ್ಯಕ್ಷರಿಗೆ ಒಂದು, ಗೋದಾಮಿನವರಿಗೆ ಒಂದು, ಒಟ್ಟು ಎರಡು ಕರೆಗಳು ಸಾಕಾಗಿದ್ದವು. ಸ್ಥಳದ ಪ್ರಶ್ನೆಯನ್ನು ಕಾರ್ಯದರ್ಶಿಗಳೇ ತೀರ್ಮಾನಿಸಬಹುದಿತ್ತು: ಕೆಲಸ ತಮ್ಮದಾದ್ದರಿಂದ ಘಟ್ಟ ಇಳಿಯುವವರೂ ತಾವೇ. ಮಳೆಯ ಸಂಗತಿ ಓದುವವರಿಗೆ ಬೇಕಿಲ್ಲ; ಆ ದಿನ ರಸ್ತೆ ಮುಚ್ಚಿದ್ದರೆ ಬೆಳಿಗ್ಗೆ ಕರೆ ಮಾಡಿ ತಿಳಿಸಿದರಾಯಿತು. ವೋಚರ್‌ಗಳ ಬೇಸರವನ್ನು ಎದುರಿಗೆ ಕೂತಾಗ ಹೇಳಿಕೊಳ್ಳಬಹುದು. ರಸೀದಿಗೆ ಬೇರೆಯೇ ಪತ್ರ ಬೇಕು. ಒಂದೇ ಪತ್ರದಲ್ಲಿ ಎರಡು ಕೇಳಿಕೆಗಳಿದ್ದರೆ ಸುಲಭವಾದದ್ದಕ್ಕೆ ಉತ್ತರ ಬರುತ್ತದೆ, ಇನ್ನೊಂದು ಮರೆತುಹೋಗುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಇದು. ವಿಷಯ: ಲೆಕ್ಕಪರಿಶೋಧನೆಗೆ ಭೇಟಿ, ಜುಲೈ 10 ಅಥವಾ 11.

“ಮಾನ್ಯರೇ, ನಮ್ಮ ಸಂಘದ ಈ ವರ್ಷದ ಲೆಕ್ಕಪುಸ್ತಕಗಳೊಂದಿಗೆ ನಾನು ಮತ್ತು ಅಧ್ಯಕ್ಷರು ಕಾರವಾರದ ತಮ್ಮ ಕಚೇರಿಗೆ ಬರುತ್ತೇವೆ, ಸುಮಾರು ಎರಡು ಗಂಟೆಯ ಕೆಲಸವಿದೆ.

ಜುಲೈ 10, ಗುರುವಾರ ಅಥವಾ ಜುಲೈ 11, ಶುಕ್ರವಾರ ಬೆಳಿಗ್ಗೆ 11 ಗಂಟೆಗೆ, ಈ ಎರಡರಲ್ಲಿ ತಮಗೆ ಯಾವುದು ಅನುಕೂಲವಾದೀತು?

ಜುಲೈ 4, ಶುಕ್ರವಾರದೊಳಗೆ ತಿಳಿಸಿದರೆ ಉಪಕಾರವಾಗುವುದು. ಎರಡೂ ಕೂಡದಿದ್ದರೆ 14ರ ನಂತರ ತಾವು ಸೂಚಿಸುವ ದಿನ ಬರುತ್ತೇವೆ.”

ಮೊದಲ ಸಾಲು ಯಾರು, ಏಕೆ, ಎಲ್ಲಿ, ಎಷ್ಟು ಹೊತ್ತು ಎಂಬುದನ್ನು ಮುಗಿಸುತ್ತದೆ. ಎಷ್ಟು ಹೊತ್ತು ಎಂಬುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದಿಲ್ಲದೆ ಯಾವ ಪರಿಶೋಧಕರೂ ತಮ್ಮ ದಿನವನ್ನು ಹಂಚಿಕೊಳ್ಳಲಾರರು. ಎರಡನೆಯ ಸಾಲಿನಲ್ಲಿ ಮಾತ್ರ ಪ್ರಶ್ನೆ ಇದೆ, ಮತ್ತು ‘11 ಆಗಬಹುದು’ ಎಂಬ ಎರಡು ಶಬ್ದಗಳಲ್ಲಿ ಅದಕ್ಕೆ ಉತ್ತರ ಮುಗಿಯುತ್ತದೆ. ಪತ್ರ ಸರಿಯಾಯಿತೋ ಇಲ್ಲವೋ ಎಂದು ನೋಡಲು ನಾನು ಬಳಸುವ ಪರೀಕ್ಷೆಯೂ ಅದೇ: ಓದುವವರ ಉತ್ತರವನ್ನು ನಾನೇ ಬರೆದು ನೋಡುತ್ತೇನೆ; ಅದು ಒಂದು ಸಾಲಿಗಿಂತ ಉದ್ದವಾದರೆ ನನ್ನ ಪ್ರಶ್ನೆ ಇನ್ನೂ ಹಣ್ಣಾಗಿಲ್ಲ. ಮೂರನೆಯ ಸಾಲಿನ ಉತ್ತರಾರ್ಧವನ್ನು ಹಿರಿಯರಿಗೆ ಬರೆಯುವಾಗ ಬಿಡಬಾರದು, ಎರಡೇ ದಿನಗಳ ನಡುವೆ ಅವರನ್ನು ಕಟ್ಟಿಹಾಕಿದಂತಾಗಬಾರದು. ಪರಿಚಯವೇ ಇಲ್ಲದವರಿಗೆ ಬರೆಯುವುದಾದರೆ ತಾವು ಯಾರೆಂದು ತಿಳಿಸುವ ನಾಲ್ಕನೆಯ ಸಾಲು ಸೇರಲಿ, ಅದಕ್ಕೆ ನನ್ನ ತಕರಾರಿಲ್ಲ. ಏಳೆಂಟು ಜನರನ್ನು ಒಟ್ಟಿಗೆ ಸೇರಿಸುವ ಸಭೆಗೆ ಈ ಕ್ರಮ ಸಾಲದು. ಎರಡು ದಿನ ಕೊಟ್ಟರೆ ಅರ್ಧ ಜನ ಒಂದನ್ನು, ಉಳಿದವರು ಇನ್ನೊಂದನ್ನು ಹಿಡಿದು ಕೂರುತ್ತಾರೆ. ಅಲ್ಲಿ ಒಂದೇ ದಿನವನ್ನು ನಿಶ್ಚಯಿಸಿ, ಬರಲಾಗದವರು ಮಾತ್ರ ತಿಳಿಸಿರಿ ಎನ್ನುವುದೇ ದಾರಿ.

ಕಾರ್ಯದರ್ಶಿಗಳು ಕೇಳಿಲ್ಲ, ಆದರೂ ಅವರ ಪತ್ರದ ‘ಮುಂದಿನ ವಾರ’ ಎಂಬ ಮಾತು ನನ್ನನ್ನು ಕಾಡುತ್ತಿದೆ. ಸೋಮವಾರ ಬರೆದವರಿಗೆ ಅದು 7ರಿಂದ ಆರಂಭವಾಗುವ ವಾರ. ಅದೇ ಪತ್ರವನ್ನು ಪ್ರವಾಸದಲ್ಲಿದ್ದ ಪರಿಶೋಧಕರು ಮರುವಾರ ತೆರೆದಿದ್ದರೆ ಅದು 14ರ ವಾರವಾಗುತ್ತಿತ್ತು. ‘ಬರುವ ಗುರುವಾರ’, ‘ಮುಂದಿನ ಗುರುವಾರ’ ಎರಡೂ ಒಂದೇ ಎನ್ನುವವರಿದ್ದಾರೆ, ಮೊದಲನೆಯದು ಈ ವಾರದ್ದು, ಎರಡನೆಯದು ಆಚೆ ವಾರದ್ದು ಎನ್ನುವವರೂ ಇದ್ದಾರೆ. ಒಂದೇ ಮನೆಯಲ್ಲಿ ಎರಡೂ ಪಕ್ಷದವರನ್ನು ನಾನು ಕಂಡಿದ್ದೇನೆ. ‘ನಾಳೆ’, ‘ನಾಡಿದ್ದು’ ಎಂಬವು ಎದುರು ಕೂತು ಆಡುವ ಶಬ್ದಗಳು, ಇ-ಮೇಲ್‌ನಲ್ಲಿ ಅವು ಓದಿದ ದಿನಕ್ಕೆ ಅಂಟಿಕೊಳ್ಳುತ್ತವೆ. ಅಂಕಿಯಲ್ಲಿ 10/7 ಎಂದು ಬರೆದರೂ ಅಪಾಯ ತಪ್ಪದು, ತಿಂಗಳನ್ನು ಮೊದಲು ತೋರಿಸುವ ಕಂಪ್ಯೂಟರುಗಳಲ್ಲಿ ಅದು ಅಕ್ಟೋಬರ್ 7 ಆಗುತ್ತದೆ. ಆದ್ದರಿಂದಲೇ ಮೇಲಿನ ಮಾದರಿಯಲ್ಲಿ ತಿಂಗಳಿನ ಹೆಸರು, ತಾರೀಖು, ವಾರ ಮೂರನ್ನೂ ಬರೆದಿದ್ದೇನೆ. ತಾರೀಖನ್ನು ಬರೆಯುವಾಗ ಬೆರಳು ತಪ್ಪಿ 10ರ ಬದಲು 11 ಎಂದಾದರೆ, ಪಕ್ಕದಲ್ಲಿರುವ ‘ಗುರುವಾರ’ ಎಂಬ ಶಬ್ದ ಅದರೊಂದಿಗೆ ಹೊಂದುವುದಿಲ್ಲ. ಓದುವವರು ಅಲ್ಲಿಯೇ ನಿಂತು, ಕಾರವಾರದಿಂದ ಒಂದು ಫೋನ್ ಮಾಡಿ ಕೇಳುತ್ತಾರೆ.